ಅವಳಿಗೆ ಬೆಳಗಾಗುವುದು ಸಂಜೆ ಐದಕ್ಕೆ

ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದ ನರ್ಸ್‌ಗೆ ಬೆಳಿಗ್ಗೆ ಹನ್ನೊಂದು ಗಂಟೆ ಅಂದರೆ ನಡುರಾತ್ರಿ. ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ, ಫ್ಯಾನ್ ಜೋರಾಗಿ ಹಾಕಿ, ಕೆಳಮನೆಯ ಮಿಕ್ಸಿ, ಬೀದಿಯಲ್ಲಿ ಸೊಪ್ಪಿನವಳ ಕೂಗು ಎಲ್ಲವನ್ನೂ ಸಹಿಸಿಕೊಂಡು ಈಗಷ್ಟೇ ಕಣ್ಣು ಹತ್ತಿರುತ್ತದೆ. ಆ ಹೊತ್ತಿಗೆ ಸರಿಯಾಗಿ ಫೋನು ಟಿಂಗ್ ಅನ್ನುತ್ತದೆ: ‘ಹಾಯ್... ಏನ್ ಮಾಡ್ತಿದೀರಾ? ಯಾಕೋ ನಿಮ್ಮದೇ ನೆನಪು.’ ಕಳಿಸಿದವನು ಟೀ ಬ್ರೇಕಿನಲ್ಲಿ ಎರಡು ಸಲ ಬರೆದು ಅಳಿಸಿ, ಮೂರನೇ ಸಲ ಧೈರ್ಯ ಮಾಡಿ ಕಳಿಸಿದ ಮಾತು ಅದು. ಮಾತೇನೋ ಚೆನ್ನಾಗಿಯೇ ಇದೆ. ಆದರೆ ಎದ್ದು ಕೂತವಳಿಗೆ ಅದು ಅಪರಾತ್ರಿಯಲ್ಲಿ ಯಾರೋ ಬಾಗಿಲು ಬಡಿದ ಹಾಗೆ ಕೇಳಿಸಿರುತ್ತದೆ.

ಇಷ್ಟವಾದವರಿಗೆ ಕಳಿಸಬಹುದಾದ ತುಂಟ ಮೆಸೇಜುಗಳ ಪಟ್ಟಿ ಫಾರ್ವರ್ಡುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಎಲ್ಲವೂ ಹಗಲು ದುಡಿದು ರಾತ್ರಿ ಮಲಗುವವರಿಗೆ ಬರೆದವು. ಬೆಳಿಗ್ಗೆ ಏಳಕ್ಕೆ ಗುಡ್ ಮಾರ್ನಿಂಗ್, ಮಧ್ಯಾಹ್ನ ಊಟ ಆಯ್ತಾ, ರಾತ್ರಿ ಹತ್ತಕ್ಕೆ ಕನಸಲ್ಲಿ ಸಿಗೋಣ. ಆಸ್ಪತ್ರೆ, ಕಾಲ್ ಸೆಂಟರ್, ವಿಮಾನ ನಿಲ್ದಾಣ, ಪೊಲೀಸ್ ಠಾಣೆ, ಮೂರು ಪಾಳಿಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರ ದಿನಚರಿಗೆ ಇವು ಯಾವುವೂ ಹೊಂದುವುದಿಲ್ಲ. ಅಂಥವರ ಮೇಲೆ ಮನಸ್ಸಾದರೆ, ಏನು ಬರೆಯಬೇಕು ಅನ್ನುವುದಕ್ಕಿಂತ ಮೊದಲು ಅವರ ಗಡಿಯಾರ ಎಲ್ಲಿಂದ ಶುರುವಾಗುತ್ತದೆ ಅನ್ನುವುದು ಗೊತ್ತಿರಬೇಕು. ಗಂಟೆ ಗೊತ್ತಾದರೆ ಮಾತು ತಾನಾಗಿ ಹುಟ್ಟುತ್ತದೆ.

ಒಂದು ಉದಾಹರಣೆ ಹಿಡಿದು ನೋಡೋಣ. ಹುಡುಗ ಮೈಸೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೆಲಸ. ಹುಡುಗಿ ಅದೇ ಊರಿನ ಆಸ್ಪತ್ರೆಯಲ್ಲಿ ನರ್ಸ್. ಗೆಳೆಯನ ಮದುವೆಯಲ್ಲಿ ಪರಿಚಯವಾಗಿ, ನಂಬರ್ ಬದಲಾಯಿಸಿಕೊಂಡು, ಹತ್ತು ಹದಿನೈದು ದಿನ ಆಗೀಗ ಮಾತಾಡಿದ್ದಾರೆ. ಇನ್ನೂ ‘ನೀವು’ ಅನ್ನುವ ಹಂತ. ಈ ವಾರ ಅವಳಿಗೆ ನೈಟ್ ಡ್ಯೂಟಿ.

ನಮ್ಮಲ್ಲಿ ಬಹಳಷ್ಟು ಆಸ್ಪತ್ರೆಗಳಲ್ಲಿ ನರ್ಸ್‌ಗಳ ದಿನ ಮೂರು ಪಾಲು: ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಿಗ್ಗೆ 8. ಹಗಲಿನ ಎರಡು ಪಾಳಿ ಆರಾರು ಗಂಟೆ, ರಾತ್ರಿಯದು ಒಂದೇ ಹನ್ನೆರಡು ಗಂಟೆ. ಹೀಗೆ ಸಾಲಾಗಿ ಕೆಲವು ರಾತ್ರಿ ಮಾಡಿದ ಮೇಲೆ ‘ನೈಟ್ ಆಫ್’ ಸಿಗುತ್ತದೆ. ಸಮಯ, ಲೆಕ್ಕ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಆದ್ದರಿಂದ ಊಹೆ ಮಾಡುವ ಬದಲು ಕೇಳುವುದೇ ಸರಿ, ಕೇಳುವುದರಲ್ಲೇ ಸ್ವಲ್ಪ ತುಂಟತನವನ್ನೂ ಇಡಬಹುದು:

‘ಈ ವಾರ ನೈಟಾ, ಡೇ ನಾ? ಯಾವ ಹೊತ್ತಿಗೆ ಮೆಸೇಜ್ ಮಾಡಿದ್ರೆ ನಿಮ್ಮ ನಿದ್ದೆ ಕೆಡಲ್ಲ ಹೇಳಿ. ನನ್ನ ನಿದ್ದೆ ಹೇಗೂ ಕೆಟ್ಟಿದೆ, ಇಬ್ಬರದೂ ಯಾಕೆ.’

ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿ ಅರ್ಧ ವಿಷಯ ಗೊತ್ತಾಗಿಬಿಡುತ್ತದೆ. ‘ಐದರ ಮೇಲೆ ಮಾಡಿ, ಎದ್ದಿರ್ತೀನಿ’ ಅಂದರೆ ಅವಳೇ ಬಾಗಿಲು ತೆರೆದು ಹೊತ್ತನ್ನೂ ಹೇಳಿದ ಹಾಗಾಯಿತು. ಆದರೆ ಅವಳ ಸಹೋದ್ಯೋಗಿಯನ್ನು ಹಿಡಿದು ಡ್ಯೂಟಿ ಚಾರ್ಟಿನ ಫೋಟೊ ತರಿಸಿಕೊಂಡು, ‘ಗುರುವಾರದಿಂದ ನಿಮಗೆ ಆಫ್ಟರ್‌ನೂನ್ ಅಲ್ವಾ’ ಎಂದು ಆಶ್ಚರ್ಯಪಡಿಸಲು ಹೋಗಬೇಡಿ. ಬರೆಯುವವನಿಗೆ ಅದು ಪ್ರೀತಿಯ ಕಾಳಜಿ, ಓದುವವಳಿಗೆ ಅದು ಹೆದರಿಕೆ. ಅವಳೇ ಹೇಳಿದ್ದನ್ನು ನೆನಪಿಟ್ಟುಕೊಂಡರೆ ಸಾಕು, ಅದಕ್ಕೇ ಖುಷಿಪಡುತ್ತಾರೆ.

ಈಗ ಅವಳ ಇಪ್ಪತ್ನಾಲ್ಕು ಗಂಟೆ ನೋಡಿ. ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಮುಗಿಯುತ್ತದೆ ಅನ್ನುವುದು ಕಾಗದದ ಮೇಲೆ. ಬಂದವರಿಗೆ ಒಬ್ಬೊಬ್ಬ ರೋಗಿಯ ವಿವರ ಒಪ್ಪಿಸುವ ಹ್ಯಾಂಡೋವರ್, ಬರೆಯಲು ಉಳಿದ ಕೇಸ್ ಶೀಟು ಎಲ್ಲ ಮುಗಿಸಿ ಗೇಟು ದಾಟುವಾಗ ಎಂಟೂವರೆ, ಒಂಬತ್ತು. ಮನೆಗೋ ಹಾಸ್ಟೆಲಿಗೋ ಹೋಗಿ, ಸ್ನಾನ, ತಿಂಡಿ ಮಾಡಿ ಮಲಗುವಾಗ ಹತ್ತು. ಹಗಲು ನಿದ್ದೆ ರಾತ್ರಿ ನಿದ್ದೆಯಷ್ಟು ಉದ್ದ ಬರುವುದಿಲ್ಲ. ಎಷ್ಟೇ ದಣಿದಿದ್ದರೂ ಒಂದೆರಡು ಗಂಟೆ ಕಡಿಮೆಯೇ. ನಮ್ಮ ದೇಹದೊಳಗೆ ಬೆಳಕು ನೋಡಿಕೊಂಡು ನಡೆಯುವ ಒಂದು ಗಡಿಯಾರ ಇದೆ, ಅದು ಹಗಲಲ್ಲಿ ‘ಏಳು ಏಳು’ ಅನ್ನುತ್ತಲೇ ಇರುತ್ತದೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಬ್ಯಾಂಕಿನ ಹುಡುಗ ಇದರಲ್ಲಿ ತಿಳಿದುಕೊಳ್ಳಬೇಕಾದದ್ದು ಇಷ್ಟೇ: ಹತ್ತರಿಂದ ನಾಲ್ಕರ ನಡುವೆ ಅವಳು ಕದ್ದು ಕದ್ದು ಮಾಡುವ ನಿದ್ದೆ ಮೊದಲೇ ಕಮ್ಮಿ, ಅದರಲ್ಲಿ ನಮ್ಮದೊಂದು ಟಿಂಗ್ ಬೇಡ.

ನಾಲ್ಕೂವರೆಗೆ ಎದ್ದಳು ಅನ್ನಿ. ಎದ್ದ ತಕ್ಷಣ ಯಾರಿಗೂ ತಲೆ ಓಡುವುದಿಲ್ಲ. ಹದಿನೈದು ನಿಮಿಷದಿಂದ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಮಂಪರು ಇರುತ್ತದೆ. ಆಗ ಓದಿದ ಚಟಾಕಿ ಅರ್ಥವಾಗುವುದಿಲ್ಲ, ಉತ್ತರವೂ ‘ಹ್ಞೂಂ’. ಐದು ಐದೂಕಾಲಿಗೆ ಕಾಫಿ ಕೈಯಲ್ಲಿ ಹಿಡಿದಾಗ ಅವಳಿಗೆ ಬೆಳಗಾಗುತ್ತದೆ. ಅದೇ ಹೊತ್ತಿಗೆ ಹುಡುಗ ಕೌಂಟರ್ ಮುಚ್ಚಿ ಬ್ಯಾಗು ಹಾಕಿಕೊಳ್ಳುತ್ತಾನೆ. ಏಳು ಗಂಟೆಗೆ ಅವಳು ಯೂನಿಫಾರಂ ಇಸ್ತ್ರಿ, ಡಬ್ಬಿ ಎಂದು ಹೊರಡುವ ಗಡಿಬಿಡಿಗೆ ಬೀಳುತ್ತಾಳೆ. ಅಂದರೆ ಇಬ್ಬರೂ ಎಚ್ಚರವಾಗಿ, ಇಬ್ಬರ ಕೈಯೂ ಖಾಲಿ ಇರುವ ಸಮಯ ದಿನಕ್ಕೆ ಹೆಚ್ಚೆಂದರೆ ಒಂದೂಮುಕ್ಕಾಲು ಗಂಟೆ. ಮಾತುಕತೆ, ಪ್ರಶ್ನೆ, ಕಾಲೆಳೆಯುವುದು, ಒಂದು ಕರೆ ಮಾಡಬಹುದಾ ಎಂದು ಕೇಳುವುದು, ಎಲ್ಲ ಇಲ್ಲಿಗೇ. ಉಳಿದ ಹೊತ್ತಿನಲ್ಲಿ ಕಳಿಸುವುದು ಬೇರೆ ಜಾತಿಯ ಮೆಸೇಜು.

ಐದೂಕಾಲಿಗೆ ಅವನು ಹೀಗೆ ಶುರು ಮಾಡಬಹುದು:

‘ನಿಮ್ಮ ಬೆಳಿಗ್ಗೆಗೆ ನನ್ನ ಸಂಜೆಯ ನಮಸ್ಕಾರ. ಈಗ ತಿಂಡಿನಾ, ಊಟಾನಾ? ನಾನು ಟೀ ಅಂಗಡಿ ಮುಂದೆ ನಿಂತಿದೀನಿ. ನಿಮ್ಮ ಮೊದಲ ಕಾಫಿ, ನನ್ನ ಕೊನೆ ಟೀ, ಒಂದೇ ಟೇಬಲ್ ಅಂದ್ಕೊಳ್ಳೋಣ.’

ಹಗಲಿನವರ ಗುಡ್ ಮಾರ್ನಿಂಗ್‌ಗಿಂತ ಇದು ಯಾಕೆ ಚೆನ್ನ ಅಂದರೆ, ಅವಳ ತಲೆಕೆಳಗಾದ ದಿನವನ್ನು ಇವನು ತಮಾಷೆಯಾಗಿ ಒಪ್ಪಿಕೊಂಡಿದ್ದಾನೆ. ಆದರೆ ‘ಸಂಜೆಗೆ ಗುಡ್ ಮಾರ್ನಿಂಗ್’ ಚಟಾಕಿ ಒಂದೇ ಸಲ. ದಿನಾ ಅದನ್ನೇ ಹೇಳಿದರೆ ಬೇಸರ. ಎರಡನೇ ದಿನದಿಂದ ಅವಳು ಹೇಳಿದ ಮಾತಿನ ಎಳೆ ಹಿಡಿಯಬೇಕು. ಆಸ್ಪತ್ರೆ ಕ್ಯಾಂಟೀನಿನ ಕಾಫಿ ಕೆಟ್ಟದಾಗಿದೆ ಎಂದು ಅವಳು ನಿನ್ನೆ ಗೊಣಗಿದ್ದರೆ, ಇವತ್ತು ಹೊರಡುವ ಹೊತ್ತಿಗೆ:

‘ಇವತ್ತೂ ಅದೇ ಕಲಗಚ್ಚು ಕಾಫಿನಾ? ಫ್ಲಾಸ್ಕ್ ಹಿಡ್ಕೊಂಡು ನಿಮ್ಮ ಗೇಟಲ್ಲಿ ನಿಲ್ಲೋಣ ಅಂತಿದ್ದೆ. ಸೆಕ್ಯುರಿಟಿ ಅಣ್ಣ “ಪೇಷಂಟ್ ಹೆಸರೇನು” ಅಂದ್ರೆ ನನ್ನ ಹೆಸರೇ ಹೇಳಬೇಕಾಗುತ್ತೆ ಅಂತ ಸುಮ್ನಾದೆ.’

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ‘ನನ್ನ ಹಾರ್ಟಿಗೆ ಒಂದು ಇಂಜೆಕ್ಷನ್ ಕೊಡಿ’, ‘ನಿಮ್ಮನ್ನ ನೋಡಿದ್ರೆ ಬಿಪಿ ಏರುತ್ತೆ’, ‘ನಾನೂ ಅಡ್ಮಿಟ್ ಆಗ್ಲಾ’ ಇವನ್ನೆಲ್ಲ ನರ್ಸ್ ಆದವರು ಓದುವ ಕಾಲದಿಂದ ಕೇಳಿಕೊಂಡೇ ಬಂದಿರುತ್ತಾರೆ. ಅದೂ ವಾರ್ಡಿನಲ್ಲಿ, ಮೈಮೇಲೆ ಬೀಳುವ ಧಾಟಿಯಲ್ಲಿ ಹೇಳುವ ರೋಗಿಗಳ ಕಡೆಯವರಿಂದ. ನೀವು ಅದನ್ನೇ ಬರೆದರೆ ಆ ಗುಂಪಿಗೆ ಸೇರುತ್ತೀರಿ. ಅವರ ವೃತ್ತಿಯ ಮೇಲೆ ತಮಾಷೆ ಕಟ್ಟುವುದಕ್ಕಿಂತ ಅವರ ದಿನದ ಮೇಲೆ, ಇಲ್ಲವೇ ನಿಮ್ಮ ಮೇಲೆಯೇ ಕಟ್ಟಿ. ಇನ್ನು ‘ಸಿಸ್ಟರ್’ ಎಂದು ಕರೆಯುವುದಂತೂ ಸುತರಾಂ ಬೇಡ. ಹನ್ನೆರಡು ಗಂಟೆ ಎಲ್ಲ ಮಂಚದಿಂದಲೂ ಅದೇ ಕೂಗು ಕೇಳಿ ಬಂದಿರುತ್ತಾರೆ, ನಿಮ್ಮ ಕೇಸೂ ಅಲ್ಲಿಗೆ ಕ್ಲೋಸ್.

ರಾತ್ರಿ ಎಂಟರ ನಂತರದ್ದು ಸೂಕ್ಷ್ಮ. ಹುಡುಗ ಊಟ ಮುಗಿಸಿ ಹತ್ತೂವರೆಗೆ ಹಾಸಿಗೆಗೆ ಬಂದಾಗ ಅವನಿಗೆ ಮಾತಾಡುವ ಉಮೇದು. ಅವಳಿಗೋ ಆಗ ರಾತ್ರಿಯ ಔಷಧಿ, ವೈಟಲ್ಸ್, ಹೊಸ ಅಡ್ಮಿಷನ್. ಫೋನು ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮೇಲೋ ಲಾಕರಿನಲ್ಲೋ ಇರುತ್ತದೆ. ಈ ಹೊತ್ತಿನ ಮೆಸೇಜು ಉತ್ತರ ಕೇಳಬಾರದು. ಪ್ರಶ್ನೆ ಇಲ್ಲದ, ಒಂದೇ ಸಲಕ್ಕೆ ಓದಿ ಮುಗಿಯುವ, ಎರಡು ಗಂಟೆಗೋ ಮೂರು ಗಂಟೆಗೋ ಅವಳು ಕೂತು ನೀರು ಕುಡಿಯುವಾಗ ಸಿಕ್ಕರೂ ಹಳಸದ ಮಾತಾಗಿರಬೇಕು. ‘ಮಿಸ್ಸಿಂಗ್ ಯೂ’, ‘ಯಾಕೆ ರಿಪ್ಲೈ ಇಲ್ಲ’, ‘ಇದೀರಾ?’, ‘ಹಲೋ’ ಎಂದು ತುಂಡು ತುಂಡಾಗಿ ನಾಲ್ಕು ಕಳಿಸಿದರೆ ಫೋನು ನಾಲ್ಕು ಸಲ ಬೆಳಗುತ್ತದೆ, ಪಕ್ಕದವರು ನಾಲ್ಕು ಸಲ ನೋಡುತ್ತಾರೆ.

ಈ ಪಕ್ಕದವರ ವಿಷಯ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಮೇಜಿನ ಮೇಲಿನ ಫೋನಿಗೆ ಮೆಸೇಜು ಬಂದಾಗ ಬೀಗ ಹಾಕಿದ ಪರದೆಯ ಮೇಲೆ ಮೊದಲ ಒಂದೆರಡು ಸಾಲು ಕಾಣುತ್ತದೆ. ಎದುರಿಗೆ ಇನ್ನೊಬ್ಬ ನರ್ಸು, ಡ್ಯೂಟಿ ಡಾಕ್ಟರು, ಕೆಲವೊಮ್ಮೆ ರೋಗಿಯ ಸಂಬಂಧಿಕರು ನಿಂತಿರುತ್ತಾರೆ. ಆದ್ದರಿಂದ ಮೊದಲ ಸಾಲು ಯಾರು ಓದಿದರೂ ಪರವಾಗಿಲ್ಲ ಅನ್ನುವಷ್ಟು ಸಾದಾ ಇರಲಿ, ತುಂಟತನ ಕೆಳಗಿನ ಸಾಲಿಗೆ ಇಳಿಯಲಿ. ಹೀಗೆ:

‘ಬಿಡುವಾದಾಗ ನೋಡಿ, ಅರ್ಜೆಂಟ್ ಏನಿಲ್ಲ. ಇವತ್ತು ಕೌಂಟರಿಗೆ ಒಬ್ಬರು ಅಜ್ಜಿ ಪಾಸ್‌ಬುಕ್ ಎಂಟ್ರಿ ಮಾಡಿಸೋಕೆ ಬಂದಿದ್ರು. “ಯಾಕಪ್ಪ ಒಬ್ಬೊಬ್ಬನೇ ನಗ್ತೀಯ” ಅಂತ ಕೇಳಿದ್ರು. ಕಾರಣ ತೋರಿಸೋಣ ಅಂದ್ರೆ ಕಾರಣ ನೈಟ್ ಡ್ಯೂಟೀಲಿದೆ. ಉತ್ತರ ಬೇಡ, ಕೆಲಸ ನೋಡಿ. ನಾನು ಮಲಗ್ತೀನಿ.’

ಕೊನೆಯ ಎರಡು ವಾಕ್ಯ ಮುಖ್ಯ. ಅವಳಿಗೆ ಉತ್ತರದ ಸಾಲ ಉಳಿಯುವುದಿಲ್ಲ. ಇವನು ಫೋನು ಹಿಡಿದು ಕಾಯುತ್ತ ಕೂತಿಲ್ಲ ಎಂದೂ ಗೊತ್ತಾಗುತ್ತದೆ. ಹೇಳಿದ ಮೇಲೆ ನಿಜವಾಗಿ ಮಲಗಬೇಕು. ‘ಮಲಗ್ತೀನಿ’ ಎಂದು ಬರೆದು ಹನ್ನೆರಡೂವರೆಗೆ ಆನ್‌ಲೈನ್ ಕಂಡರೆ, ಒಂದು ಗಂಟೆಗೆ ‘ಇನ್ನೂ ನೋಡಿಲ್ವಾ’ ಅಂದರೆ ಮೇಲಿನ ಅಷ್ಟೂ ಮಾತು ನೀರಿಗೆ.

ಇದೇ ಹೊತ್ತಿನಲ್ಲಿ ‘ವಾರ್ಡು ಇವತ್ತು ಸೈಲೆಂಟಾ?’ ಎಂದು ಕೇಳಬೇಡಿ. ರಾತ್ರಿ ಶಾಂತವಾಗಿದೆ ಎಂದು ಬಾಯಲ್ಲಿ ಬಂದರೆ ಸಾಕು, ಆಂಬ್ಯುಲೆನ್ಸ್ ಮೇಲೆ ಆಂಬ್ಯುಲೆನ್ಸ್ ಬರುತ್ತದೆ ಅನ್ನುವ ನಂಬಿಕೆ ಆಸ್ಪತ್ರೆಯವರಲ್ಲಿ ಲೋಕದ ತುಂಬ ಇದೆ. ಇಂಗ್ಲೆಂಡಿನ ಒಂದು ಆಸ್ಪತ್ರೆಯವರು ಇದನ್ನು ಪರೀಕ್ಷೆ ಮಾಡಿಯೇ ನೋಡಿ, 2019ರಲ್ಲಿ ಬಿಎಂಜೆ ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಯಲ್ಲಿ ಪ್ರಕಟಿಸಿದರು. ಆ ಮಾತು ಆಡಿದ ದಿನ ಕೆಲಸವೇನೂ ಹೆಚ್ಚಾಗಿರಲಿಲ್ಲ. ಸಂಜೆಯ ಹರಟೆಗೆ ಇದು ಒಳ್ಳೆಯ ವಿಷಯ. ರಾತ್ರಿ ಹನ್ನೊಂದಕ್ಕೆ ಮಾತ್ರ ಅಲ್ಲ.

ಮಧ್ಯರಾತ್ರಿ ಮೂರರಿಂದ ಐದರ ನಡುವೆ ದೇಹದ ಉಷ್ಣತೆ ದಿನದಲ್ಲೇ ಅತಿ ಕಡಿಮೆ ಮಟ್ಟಕ್ಕೆ ಇಳಿಯುತ್ತದೆ, ಎಚ್ಚರ ಕೂಡ. ಆ ಹೊತ್ತಿನಲ್ಲಿ ಅವಳೇ ‘ನಿದ್ದೆ ಎಳೀತಿದೆ’ ಎಂದು ಒಂದು ಸಾಲು ಕಳಿಸಬಹುದು. ಬೆಳಿಗ್ಗೆ ಎದ್ದು ಅದನ್ನು ನೋಡಿ ‘ಅಯ್ಯೋ ಎಬ್ಬಿಸಬಾರದಿತ್ತಾ’ ಎಂದು ಕೊರಗಬೇಕಿಲ್ಲ. ಆ ಹೊತ್ತಿನಲ್ಲಿ ನೆನಪಾದವರು ನೀವು, ಅದೇ ದೊಡ್ಡದು. ಮೂರು ಗಂಟೆಗೆ ಅಲಾರಂ ಇಟ್ಟು ಎದ್ದು ಚಾಟ್ ಮಾಡುವ ಹುಡುಗರೂ ಇದ್ದಾರೆ. ಒಂದು ದಿನ ಸೊಗಸು. ಮೂರನೇ ದಿನಕ್ಕೆ ಅವನು ಕೌಂಟರಿನಲ್ಲಿ ನೋಟು ಎಣಿಸುವಾಗ ತೂಕಡಿಸುತ್ತಾನೆ, ಅವಳು ಔಷಧಿಯ ಪ್ರಮಾಣ ನೋಡಬೇಕಾದ ಗಳಿಗೆಯಲ್ಲಿ ಫೋನು ನೋಡಿರುತ್ತಾಳೆ. ಎರಡೂ ಬೇಡ.

ಬೆಳಿಗ್ಗೆ ಒಂಬತ್ತಕ್ಕೆ ಅವಳು ಬಸ್ಸಿನಲ್ಲಿದ್ದಾಗ ಒಂದು ಸಣ್ಣ ಕಿಟಕಿ ಸಿಗುತ್ತದೆ. ಫೋನು ಕೈಯಲ್ಲಿದೆ, ಆದರೆ ತಲೆ ಖಾಲಿ. ಇಲ್ಲಿ ಚಟಾಕಿಗಿಂತ ಮೆದು ಮಾತು ನಡೆಯುತ್ತದೆ:

‘ಮನೆ ತಲುಪಿದ್ರೆ ಒಂದು ಚುಕ್ಕಿ ಹಾಕಿ, ಸಾಕು. ಸೂರ್ಯನಿಗೆ ಹೇಳಿದೀನಿ, ನಾಲ್ಕು ಗಂಟೆವರೆಗೆ ಸ್ವಲ್ಪ ಡಿಮ್ ಆಗಿರು ಅಂತ. ಕೇಳ್ತಾನೋ ಇಲ್ವೋ, ಕರ್ಟನ್ ಹಾಕ್ಕೊಳ್ಳಿ.’

ಅವಳು ಒಂದು ಚುಕ್ಕಿ ಹಾಕುತ್ತಾಳೆ. ಬರೀ ಚುಕ್ಕಿ. ಕೆಲವು ದಿನ ಕಳೆದ ಮೇಲೆ ಆ ಚುಕ್ಕಿಯೇ ಇಬ್ಬರ ನಡುವಿನ ಗುಟ್ಟಿನ ಮಾತಾಗುತ್ತದೆ, ಎರಡು ಚುಕ್ಕಿ ಬಂದ ದಿನ ಹುಡುಗನಿಗೆ ಹಬ್ಬ.

ಈ ಬೆಳಗಿನ ಮೆಸೇಜನ್ನು ಟೈಮರ್ ಹಾಕಿ ಕಳಿಸುವ ಸೌಕರ್ಯ ಫೋನಿನಲ್ಲಿದೆ. ಟೆಲಿಗ್ರಾಂನಲ್ಲಿ ಕಳಿಸುವ ಬಾಣದ ಗುರುತನ್ನು ಒತ್ತಿ ಹಿಡಿದರೆ ಹೊತ್ತು ಗೊತ್ತುಮಾಡಿ ಕಳಿಸುವ ಆಯ್ಕೆಯೂ, ಸದ್ದಿಲ್ಲದೆ ಕಳಿಸುವ ಆಯ್ಕೆಯೂ ಬರುತ್ತದೆ. ಗೂಗಲ್ ಮೆಸೇಜಸ್‌ನಲ್ಲಿ ಸಾದಾ ಎಸ್ಸೆಮ್ಮೆಸ್ಸಿಗೂ ಹೊತ್ತು ಕಟ್ಟಬಹುದು. ಸದ್ದಿಲ್ಲದೆ ಕಳಿಸುವುದು ನಿಜಕ್ಕೂ ಉಪಯೋಗದ್ದು. ಹನ್ನೊಂದು ಗಂಟೆಗೆ ಏನೋ ಹೇಳಲೇಬೇಕು ಅನ್ನಿಸಿದರೆ ಅವಳ ನಿದ್ದೆ ಕೆಡುವುದಿಲ್ಲ. ಹೊತ್ತು ಕಟ್ಟುವುದರಲ್ಲಿ ಮಾತ್ರ ಅಪಾಯ ಇದೆ. ಹಿಂದಿನ ರಾತ್ರಿ ನೀವು ಬರೆದಿಟ್ಟ ತಮಾಷೆ ಬೆಳಿಗ್ಗೆ ಒಂಬತ್ತಕ್ಕೆ ತಾನಾಗಿ ಹೋಗುತ್ತದೆ; ಅವಳು ಆ ರಾತ್ರಿ ಒಂದು ಸಾವು ಕಂಡು ಬಂದಿರಬಹುದು. ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಟೈಮರಿಗೆ ಒಪ್ಪಿಸುವುದಾದರೆ ಮೆದು ಮಾತನ್ನಷ್ಟೇ ಒಪ್ಪಿಸಿ, ನಗೆಚಾಟಿಕೆಯನ್ನು ಅವಳ ದನಿ ಕೇಳಿದ ಮೇಲೆ ಬಿಡಿ. ಕಳಿಸಿದ ಮೇಲೆ ನಾಚಿಕೆಯಾಗಿ ಅಳಿಸುವುದು ಇನ್ನೂ ಕೆಟ್ಟದ್ದು. ವಾಟ್ಸಾಪಿನಲ್ಲಿ ಎಲ್ಲರಿಗೂ ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತದೆ. ನಡುರಾತ್ರಿ ಆ ಗುರುತು ನೋಡಿದವಳು ಏನಿತ್ತೋ ಏನೋ ಎಂದು ಬೆಳಗಿನವರೆಗೆ ಯೋಚಿಸುತ್ತಾಳೆ. ಹದಿನೈದು ನಿಮಿಷದೊಳಗೆ ತಿದ್ದುವ ಸೌಕರ್ಯ ಇದೆ, ತಿದ್ದಿ ಬಿಡಿ.

ವಾಯ್ಸ್ ನೋಟ್ ಬಗ್ಗೆ ಒಂದು ಮಾತು. ವಾರ್ಡಿನಲ್ಲಿ ಅದನ್ನು ಕೇಳಲಾಗುವುದಿಲ್ಲ, ಇಯರ್‌ಫೋನ್ ಹಾಕಿಕೊಳ್ಳುವಂತಿಲ್ಲ. ಅದಕ್ಕೆ ಜಾಗ ಸಂಜೆ ಐದೂವರೆ. ಅರ್ಧ ನಿಮಿಷಕ್ಕಿಂತ ಉದ್ದ ಮಾಡಬೇಡಿ.

ವಾರ ಕಳೆದ ಹಾಗೆ ಅವಳ ಧಾಟಿ ಬದಲಾಗುವುದನ್ನೂ ಗಮನಿಸಬೇಕು. ಮೊದಲ ರಾತ್ರಿ ಹಗಲಿಡೀ ಎಚ್ಚರವಿದ್ದು ಡ್ಯೂಟಿಗೆ ಹೋಗಿರುತ್ತಾಳೆ, ಮಾತು ಹುರುಪಾಗಿರುತ್ತದೆ. ಮೂರು ನಾಲ್ಕನೇ ದಿನಕ್ಕೆ ನಿದ್ದೆಯ ಬಾಕಿ ಸೇರಿಕೊಂಡು ಉತ್ತರಗಳು ಕುಗ್ಗುತ್ತವೆ: ಮೂರು ಸಾಲು ಬರೆಯುತ್ತಿದ್ದವಳು ‘ಹ್ಞಾ ರೀ’ಗೆ ಇಳಿಯುತ್ತಾಳೆ. ಬಹಳ ಹುಡುಗರು ಗಾಬರಿ ಬೀಳುವುದು ಇಲ್ಲೇ. ಏನೋ ತಪ್ಪಾಯಿತೆಂದು ಕ್ಷಮೆ ಕೇಳುವುದು, ಬೇರೆ ಯಾರಾದರೂ ಇದ್ದಾರಾ ಎಂದು ಕೆದಕುವುದು ಶುರು. ಆ ದಿನಗಳಲ್ಲಿ ನೀವೂ ಒಂದು ಸಾಲಿಗೆ ಇಳಿಯಿರಿ. ಇನ್ನು ನೈಟ್ ಆಫ್ ಎಂದು ಅವಳು ಹೇಳಿದ ತಕ್ಷಣ ಅದೇ ದಿನಕ್ಕೆ ಸಿನಿಮಾ ಟಿಕೆಟ್ ತೆಗೆಯುವುದು ಇನ್ನೊಂದು ಎಡವಟ್ಟು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೊನೆಯ ಡ್ಯೂಟಿ ಇಳಿದರೆ ಭಾನುವಾರ ಅವಳಿಗೆ ರಜೆಯೇ ಅಲ್ಲ, ಹೆಣದ ಹಾಗೆ ಮಲಗುವ ದಿನ. ಸೋಮವಾರ ಸಂಜೆ ಕೇಳಿ:

‘ನಾಳೆ ಸಂಜೆ ನೀವು ಮನುಷ್ಯರ ಟೈಮಿಗೆ ವಾಪಸ್ ಬಂದಿರ್ತೀರ ಅಂತ ಸುದ್ದಿ. ಸ್ವಾಗತಕ್ಕೆ ಒಂದು ಮಸಾಲೆ ದೋಸೆ ಇಟ್ಕೊಂಡಿದೀನಿ. ಆರು ಗಂಟೆಗೆ ಆಗುತ್ತಾ? ಇನ್ನೂ ನಿದ್ದೆ ಬಾಕಿ ಇದ್ರೆ ದೋಸೆ ಬುಧವಾರಕ್ಕೂ ಕಾಯುತ್ತೆ.’

ದಿನವನ್ನೂ ಹೇಳಿದ್ದಾನೆ, ಜಾರಿಕೊಳ್ಳಲು ದಾರಿಯನ್ನೂ ಇಟ್ಟಿದ್ದಾನೆ. ಬೇಡ ಅನ್ನಲು ಸುಲಭವಾಗಿದ್ದಾಗಲೇ ‘ಹೂಂ’ ಅನ್ನುವುದಕ್ಕೆ ಬೆಲೆ.

ಬೆಂಗಳೂರಿನ ಕಾಲ್ ಸೆಂಟರ್, ಐಟಿ ಸಪೋರ್ಟ್ ಹುಡುಗರ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಗಡಿಯಾರ ಅಮೆರಿಕದ್ದು. ನ್ಯೂಯಾರ್ಕಿನ ಬೆಳಿಗ್ಗೆ ಒಂಬತ್ತು ನಮಗೆ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಅಮೆರಿಕದವರು ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಮುಂದೆ ತಿರುಗಿಸಿ, ನವೆಂಬರಿನ ಮೊದಲ ಭಾನುವಾರ ಹಿಂದೆ ತಿರುಗಿಸುತ್ತಾರೆ. ಅವತ್ತಿನಿಂದ ಇಲ್ಲಿನ ಲಾಗಿನ್, ಬ್ರೇಕು, ಕ್ಯಾಬು ಎಲ್ಲ ಒಂದು ಗಂಟೆ ಸರಿಯುತ್ತದೆ. ಇಷ್ಟು ದಿನ ಹನ್ನೊಂದಕ್ಕೆ ಬ್ರೇಕಿನಲ್ಲಿ ಸಿಗುತ್ತಿದ್ದವನು ನವೆಂಬರಿನಲ್ಲಿ ಇದ್ದಕ್ಕಿದ್ದಂತೆ ಸಿಗದೇ ಹೋದರೆ ಮುನಿಸಿಕೊಳ್ಳುವ ಮೊದಲು ಕ್ಯಾಲೆಂಡರ್ ನೋಡಿ. ಅಂಥವನಿಗೆ ಮನಸ್ಸು ಕೊಟ್ಟ ಹುಡುಗಿಗೆ ಒಳ್ಳೆಯ ಜಾಗ ಬೆಳಗಿನ ಜಾವದ ಕ್ಯಾಬು. ಫ್ಲೋರಿನಲ್ಲಿ ಫೋನು ಬಿಡದ ಕಂಪನಿಗಳಲ್ಲಿ ಅವನು ಮೊಬೈಲು ಆರಾಮಾಗಿ ನೋಡುವುದು ಲಾಗೌಟ್ ಆಗಿ ಕ್ಯಾಬ್ ಹತ್ತಿದ ಮೇಲೆಯೇ. ಅವಳು ಮಲಗುವ ಮುಂಚೆ ಒಂದೇ ಒಂದು ಬರೆದಿಡಬಹುದು:

‘ಕ್ಯಾಬಲ್ಲಿ ತೂಕಡಿಸೋ ಮುಂಚೆ ಒಂದು ಪ್ರಶ್ನೆ: ಶನಿವಾರ ಸಂಜೆ ನಾಲ್ಕಕ್ಕೆ ನಿನಗೆ ಬೆಳಗಾಗಿರುತ್ತಾ? ಆಗಿದ್ರೆ ನಿನ್ನ ಬೆಳಗಿನ ತಿಂಡಿ ನನ್ನ ಜೊತೆ. ಹಲ್ಲುಜ್ಜಿ ಬಂದ್ರೆ ಸಾಕು.’

ಇಲ್ಲಿ ಪ್ರಶ್ನೆ ಇರುವುದು ತಪ್ಪಲ್ಲ, ಅವನ ಕೆಲಸ ಮುಗಿದಿದೆ. ರಾತ್ರಿ ಬಸ್ಸಿನ ಚಾಲಕರಿಗಾದರೆ ಹೊರಡುವ ಮುಂಚೆ, ತಲುಪಿದ ಮೇಲೆ, ಎರಡೇ ಹೊತ್ತು. ನಡುವೆ ಒಂದು ಅಕ್ಷರವೂ ಬೇಡ.

ಹಾಗಾದರೆ ತಡವಾಗಿ ಬರುವ ಉತ್ತರ ದಣಿವೋ, ಮನಸ್ಸಿಲ್ಲದ್ದೋ ಎಂದು ತಿಳಿಯುವುದು ಹೇಗೆ? ಎಷ್ಟು ಹೊತ್ತಿಗೆ ಉತ್ತರ ಬಂತು ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಎಳೆ ಹಿಡಿದು ಬಂತಾ ನೋಡಿ. ರಾತ್ರಿ ಹತ್ತೂವರೆಗೆ ಕಳಿಸಿದ ಅಜ್ಜಿಯ ಕಥೆಗೆ ಮರುದಿನ ಸಂಜೆ ಐದಕ್ಕೆ ‘ಮಲಗಿಬಿಟ್ಟೆ ರೀ. ಸರಿ, ಆ ಅಜ್ಜಿಗೆ ಏನಂತ ಹೇಳಿದ್ರಿ?’ ಎಂದು ಬಂದರೆ, ಹದಿನೆಂಟು ಗಂಟೆ ತಡವಾದರೂ ಅದು ಚಿನ್ನದಂಥ ಉತ್ತರ. ಅವಳು ಆ ಮಾತನ್ನು ಇಟ್ಟುಕೊಂಡಿದ್ದಳು. ಇನ್ನೊಂದು ಪರೀಕ್ಷೆ ರಜೆಯ ದಿನ. ಡ್ಯೂಟಿಯೂ ಇಲ್ಲ, ನಿದ್ದೆಯೂ ಮುಗಿದಿದೆ, ಆಗಲೂ ‘ಹ್ಞಾ’, ‘ಓಕೆ’, ‘ಬ್ಯುಸಿ’ ಅಷ್ಟೇ ಆದರೆ, ಒಂದು ಪ್ರಶ್ನೆಯೂ ಆ ಕಡೆಯಿಂದ ಹುಟ್ಟದೇ ಹೋದರೆ, ಪಾಳಿಯ ಮೇಲೆ ಆರೋಪ ಹೊರಿಸಿ ಸಮಾಧಾನ ಮಾಡಿಕೊಳ್ಳಬೇಡಿ. ನನ್ನ ಲೆಕ್ಕದಲ್ಲಿ ರಜೆ ದಿನವೂ ಸೇರಿ ಎರಡು ಮೆಸೇಜಿಗೆ ಉತ್ತರ ಇಲ್ಲವೆಂದರೆ ಮೂರನೆಯದು ಇಲ್ಲ. ಬೇಕಿದ್ದರೆ ಅವರು ಬರುತ್ತಾರೆ.

ಕೆಲಸದ ಹೊತ್ತು ಅಡ್ಡಾದಿಡ್ಡಿ ಇರುವವರ ‘ಲಾಸ್ಟ್ ಸೀನ್’ ನೋಡುತ್ತ ಕೂರುವ ಚಟವೂ ಇದಕ್ಕೇ ಅಂಟಿಕೊಳ್ಳುತ್ತದೆ. ‘ಮೂರೂವರೆಗೆ ಆನ್‌ಲೈನ್ ಇದ್ರಿ, ನನಗೆ ಮಾತ್ರ ಉತ್ತರ ಇಲ್ಲ’ ಅನ್ನುವ ಮಾತಿನಲ್ಲಿ ತುಂಟತನ ಎಳ್ಳಷ್ಟೂ ಇಲ್ಲ. ಆಸ್ಪತ್ರೆಗಳಲ್ಲಿ ಡ್ಯೂಟಿ ಬದಲಾವಣೆ, ಲ್ಯಾಬ್ ರಿಪೋರ್ಟು ಎಲ್ಲ ವಾಟ್ಸಾಪ್ ಗ್ರೂಪಿನಲ್ಲೇ ಓಡಾಡುತ್ತವೆ, ಆನ್‌ಲೈನ್ ಇದ್ದಾಳೆ ಅಂದರೆ ಹರಟುತ್ತಿದ್ದಾಳೆ ಎಂದಲ್ಲ. ಕಾನೂನೂ ಇದರಲ್ಲಿ ಗಟ್ಟಿಯಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ, ಆಸಕ್ತಿಯಿಲ್ಲ ಎಂದು ಮಹಿಳೆ ಸ್ಪಷ್ಟವಾಗಿ ತೋರಿಸಿದ ಮೇಲೂ ಪುರುಷನೊಬ್ಬ ಪದೇ ಪದೇ ಸಂಪರ್ಕಿಸುವುದು, ಆಕೆಯ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಬೆನ್ನುಬೀಳುವ ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ.

ಇದನ್ನು ನೀವು ಓದುತ್ತಿರುವ ಹೊತ್ತು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ನಡುವೆ ಇದ್ದು, ನಿಮಗೆ ಇಷ್ಟವಾದವರದು ಈ ವಾರ ನೈಟ್ ಡ್ಯೂಟಿ ಆಗಿದ್ದರೆ, ಫೋನು ಕೆಳಗಿಡಿ. ಐದೂಕಾಲಿಗೆ ಕಳಿಸಿ.